ಬಳೆಗಾರನ ಮಣಿಕಟ್ಟಿನ ನೇರಳೆ ಗುಳ್ಳೆ

ಊರ ಹೆಂಗಸರಿಗೆಲ್ಲ ಬಳೆ ತೊಡಿಸುವವನ ಮಣಿಕಟ್ಟಿನಲ್ಲೇ ಗುಳ್ಳೆ ಎದ್ದರೆ ಏನು ಗತಿ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ, ನನಗೇ ಏಳುವವರೆಗೆ.

ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಹುಣಸೂರಿನ ಬಳೆ ಸಾಬಿ. ಹಗ್ಗಕ್ಕೆ ಪೋಣಿಸಿದ ಬಳೆಗಳ ಕಟ್ಟಿಗೆ ಮಲಾರ ಅನ್ನುತ್ತಾರೆ. ಅದನ್ನು ಹೆಗಲಿಗೇರಿಸಿ, ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಗುಳ್ಳೆ ಶುರುವಾಗಿದ್ದು ಆ ಮಣಿಕಟ್ಟಿನ ಒಳಮೈಯಲ್ಲಿ. ನೇರಳೆ ಹಣ್ಣಿನ ಬಣ್ಣ. ಮೊಡವೆಯ ಹಾಗೆ ಮೊನಚಿಲ್ಲ, ಮೇಲುಭಾಗ ಚಪ್ಪಟೆ, ಬಿಸಿಲಿಗೆ ಹಿಡಿದರೆ ಹೊಳಪು. ಕಡಿತವಂತೂ ಕೇಳಬೇಡಿ. ಕೆರೆದುಕೊಂಡ ಗೀರಿನ ಉದ್ದಕ್ಕೂ ಹೊಸ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಹೊಂಗೆ ಎಣ್ಣೆ ಹಚ್ಚಿದೆ, ಬೇವಿನ ಸೊಪ್ಪು ಅರೆದು ಮೆತ್ತಿದೆ. ಏನೂ ಪ್ರಯೋಜನವಾಗಲಿಲ್ಲ.

ಪೆಟ್ಟು ಬಿದ್ದದ್ದು ಕಂಪಲಾಪುರದ ಹತ್ತಿರದ ಒಂದು ಒಕ್ಕಲು ಮನೆಯಲ್ಲಿ. ಆ ಮನೆಯ ಬಸುರಿ ಸೊಸೆಗೆ ಹಸಿರು ಬಳೆ ತೊಡಿಸಬೇಕಿತ್ತು. ಅದನ್ನು ಬಳೆಗಾರನೇ ತೊಡಿಸಬೇಕು. ಅವನು ತವರಿನ ಅಣ್ಣನ ಲೆಕ್ಕ. ಹುಡುಗಿ ಕೈ ಚಾಚಿದಳು. ನನ್ನ ತೋಳು ಮುಂದೆ ಬರುತ್ತಲೇ ಅತ್ತೆ ಗೌಡತಿಯ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

“ಬಳೆ ಜಗುಲಿ ಮ್ಯಾಲೆ ಮಡಗಿ ಓಗಪ್ಪ. ನಾವೇ ಇಕ್ಕಂತೀವಿ,” ಅಂದಳು.

ದೊಡ್ಡ ರೋಗ ಅನ್ನುವ ಮಾತನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಕುಷ್ಠ ಅಂತ ಒಂದು ಮನೆಯಲ್ಲಿ ಹುಟ್ಟಿದ ಮಾತು ದೂರದ ಭೇರ್ಯದವರೆಗೂ ನಡೆದು ಹೋಗುತ್ತದೆ. ಹೆಂಗಸರು ಕೈ ಕೊಡದಿದ್ದರೆ ನಾನು ಮಲಾರ ಹೊತ್ತು ಏನು ಮಾಡಲಿ? ಬಳೆ ಇಟ್ಟು ಎದ್ದು ಬಂದೆ. ಮರುದಿನ ನೇರ ಆಸ್ಪತ್ರೆಗೆ ಹೋದೆ.

ಡಾಕ್ಟರು ನಡುವಯಸ್ಸಿನವರು, ನಿಧಾನದ ಮನುಷ್ಯ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದಲೂ ಸೂಜಿಯ ತುದಿಯಿಂದಲೂ ಗುಳ್ಳೆಗಳ ಮೇಲೆ ಮುಟ್ಟುತ್ತಾ, ಎಲ್ಲಿ ಮುಟ್ಟಿದೆ ಹೇಳಿ ಅಂದರು. ಪ್ರತಿಸಲವೂ ಹೇಳಿದೆ. ಆಮೇಲೆ ಮೊಣಕೈ ಹತ್ತಿರದ ನರ ಒತ್ತಿ ನೋಡಿದರು, ಬೇರೆ ಮಚ್ಚೆ ಇದೆಯೇ ಅಂತ ಮೈಯೆಲ್ಲ ಹುಡುಕಿದರು. ಕೊನೆಗೆ ಒಂದು ಗುಳ್ಳೆಗೆ ಎಣ್ಣೆಯ ಹನಿ ಬಿಟ್ಟು ಭೂತಗನ್ನಡಿ ಹಿಡಿದರು. ನಾನೂ ಬಗ್ಗಿದೆ. ನನ್ನದೇ ಚರ್ಮದಲ್ಲಿ ಸಣ್ಣ ಸಣ್ಣ ಬಿಳಿ ಗೆರೆಗಳು, ಜೇಡರ ಬಲೆಯ ಹಾಗೆ. ರೋಗ ಮರೆತು ಇನ್ನೊಂದು ಗುಳ್ಳೆಗೂ ಎಣ್ಣೆ ಬಿಡಿ ಸ್ವಾಮಿ ಅಂತ ಕೇಳಿದೆ.

ಬಾಯಿ ತೆಗೆಸಿದರು. ಕೆನ್ನೆಯ ಒಳಗೂ ಬಿಳಿ ಬಲೆ ಇದೆ ಅಂದರು. ಅದು ಎಲೆಅಡಿಕೆ ಸುಣ್ಣ ಸುಟ್ಟದ್ದು ಅಂತ ನಾನು ವಾದ ಮಾಡಿದೆ. ಅವರು ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿದರು. ಹೋಗಲಿಲ್ಲ.

“ಇದು ಲೈಕೆನ್ ಪ್ಲೇನಸ್ ಅಂತ. ಕುಷ್ಠ ಅಲ್ಲ ಸಾಬ್ರೇ. ಒಬ್ರಿಂದ ಒಬ್ರಿಗೆ ಅಂಟಲ್ಲ.”

ಯಾಕೆ ಬಂತು ಅಂದರೆ ಅವರಿಗೂ ಖಚಿತವಿಲ್ಲ. ಹೊಸ ಔಷಧಿ ಏನಾದರೂ ತಿಂದಿರಾ ಅಂತ ಕೇಳಿದರು. ಕೋಟೆ ಸೀಮೆಯ ಕಾಡಿನ ಕಡೆ ಹೋದಾಗ ಚಳಿಜ್ವರ ಹಿಡಿದು ಕ್ವಿನೈನ್ ನುಂಗಿದ್ದೆ. ಕೆಲವರಿಗೆ ಅಂಥ ಔಷಧಿಯಿಂದ ಇಂಥದೇ ಗುಳ್ಳೆ ಏಳುವುದುಂಟು, ಆದರೆ ನಿಮ್ಮದು ಅದರಿಂದಲೇ ಅಂತ ಹೇಳಲಾರೆ, ಹಾಗಂತ ಜ್ವರ ಬಂದಾಗ ಔಷಧಿ ಬಿಟ್ಟು ಕೂರಬೇಡಿ ಅಂದರು. ಹಲವರಿಗೆ ಕಾರಣ ಗೊತ್ತಾಗುವುದೇ ಇಲ್ಲವಂತೆ. ಹಗ್ಗ ತಿಕ್ಕುವ ಜಾಗದಲ್ಲಿ ಹೆಚ್ಚು ಏಳುತ್ತದೆ, ಸುತ್ತುವುದು ಬಿಡಿ, ಕೆರೆಯಬೇಡಿ ಅಂದರು. ತಂಪಾಗಿಸುವ ಬಿಳಿ ಲೋಷನ್ ಕೊಟ್ಟರು. ಪುಸ್ತಕದಲ್ಲಿ ಇದಕ್ಕೆ ಪಾಷಾಣದ ಹನಿ, ಅಂದರೆ ಆರ್ಸೆನಿಕ್, ಬರೆದಿದೆ, ಆದರೆ ಅದು ವಿಷ, ನಿಮಗೆ ಕೊಡಲಾರೆ ಅಂದರು. ಎಲೆಅಡಿಕೆಯನ್ನೂ ಸುಣ್ಣವನ್ನೂ ಬಿಡಬೇಕು, ಬಾಯಲ್ಲಿ ಹುಣ್ಣಾದರೆ ಬಂದು ತೋರಿಸಬೇಕು. ಚರ್ಮದ್ದು ಬಹುಪಾಲು ತಾನೇ ಹೋಗುತ್ತದೆ, ವರ್ಷ ಹಿಡಿದೀತು, ಕಪ್ಪು ಕಲೆ ಉಳಿದೀತು. ಬಾಯಿಯದು ಇನ್ನೂ ನಿಧಾನ. ಈಗ ಸ್ಟೀರಾಯ್ಡ್ ಮುಲಾಮು ಬಂದಿದೆ, ಕಡಿತ ಬೇಗ ಇಳಿಯುತ್ತದಂತೆ. ಆಗ ಅದು ಎಲ್ಲಿತ್ತು?

ಗುಳ್ಳೆ ಇದ್ದಂತೆಯೇ ಮತ್ತೆ ಕಂಪಲಾಪುರದ ಕಡೆಯ ಆ ಮನೆಗೇ ಹೋದೆ. ಮನೆಯವರೇ ತೊಡಿಸಲು ಹೋಗಿ ಬಳೆ ಒಡೆದುಹಾಕಿದ್ದರು, ಹುಡುಗಿಯ ಕೈ ಬರಿದಾಗಿತ್ತು. ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ: ದೊಡ್ಡ ರೋಗದ ಮಚ್ಚೆ ಮರಗಟ್ಟಿರುತ್ತದೆ, ನನ್ನದು ಕಡಿಯುತ್ತದೆ, ಚುಚ್ಚಿದರೆ ನೋಯುತ್ತದೆ.

ಗೌಡತಿ ಎದ್ದು ಬೇಲಿಯಿಂದ ಜಾಲಿ ಮುಳ್ಳು ಕಿತ್ತು ತಂದಳು. “ಕೊಡು ಕೈಯ. ನಾನೂ ನೋಡ್ತೀನಿ.”

ಚುಚ್ಚಿದಳು ನೋಡಿ, ಡಾಕ್ಟರ ಸೂಜಿ ಹೂವು ಅನಿಸಿತು. ನಾನು ಯಮ್ಮಾ ಅಂತ ಕೈ ಕಿತ್ತುಕೊಂಡೆ. ಹೊಸ್ತಿಲಲ್ಲಿ ನಿಂತಿದ್ದ ಸೊಸೆ ನಕ್ಕಳು.

“ಸಾಕು ಬುಡತ್ತೆ,” ಅಂದಳು, “ಬಳೆಗಾರಣ್ಣನ ಕೈಗೇ ಗಾಯ ಮಾಡಿದ್ರೆ ನಂಗೆ ಯಾರು ಬಳೆ ಇಕ್ತಾರೆ?”

ಗೌಡತಿ ಮುಳ್ಳು ಎಸೆದು, ಒಲೆಯ ಮೇಲಿದ್ದ ಬೆಚ್ಚನೆ ನೀರು ತಂದು ತೊಳೆದುಕೊಳ್ಳಲು ನನ್ನ ಕೈಗೆ ಸುರಿದಳು. ಅನುಮಾನ ಪೂರ್ತಿ ಹೋಗಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೂ ಸೊಸೆಯನ್ನು ನನ್ನೆದುರು ಕೂರಿಸಿ, ಪಕ್ಕದಲ್ಲಿ ಕುಳಿತು ಅವಳ ಮೊಣಕೈ ಹಿಡಿದುಕೊಂಡಳು. ಹುಡುಗಿ ಬೆರಳು ಮಡಚಿ ಕೈ ಕೊಟ್ಟಳು. ನಾನು ಮೊದಲ ಹಸಿರು ಬಳೆ ಏರಿಸಿದೆ.