ಮಾತು ಸರಿ, ದನಿ ಒರಟು

ನನ್ನ ಅಕ್ಷರ ಸೊಟ್ಟ, ಮಾತೂ ಕಡಿಮೆ. ಶಾಲೆ ಬಿಟ್ಟವಳು ನಾನು, ಓದುವವರು ಕ್ಷಮಿಸಬೇಕು.

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ಬಾಳವ್ವ ಇಡೀ ಆಯುಷ್ಯ ಕೈಮಗ್ಗದಲ್ಲಿ ಸೀರೆ ನೇಯ್ದವಳು. ಸೀರೆ ಒಯ್ಯಲು ಬರುತ್ತಿದ್ದ ಸಾಹುಕಾರನ ಗುಮಾಸ್ತ ಬಾಗಿಲಲ್ಲೇ, "ಆರಾಮ ಅದೀರೇನ್ರಿ!" ಎಂದು ಗದರಿ, ಉತ್ತರಕ್ಕೂ ಕಾಯದೆ ಸೀರೆಯಲ್ಲಿ ತಪ್ಪು ಹುಡುಕುತ್ತಿದ್ದ. ಮರ್ಯಾದೆ ಮಾತಿನಲ್ಲಿತ್ತು, ದನಿಯಲ್ಲಿರಲಿಲ್ಲ.

ಮೊನ್ನೆ ಯೂಲಿಯಾ ಎಂಬ ಜರ್ಮನ್ ಹೆಂಗಸು ಅವಳಲ್ಲಿ ನೇಯ್ಗೆ ಕಲಿಯಲು ಬಂದಳು. ಅದಕ್ಕೆಂದೇ ಎರಡು ವರ್ಷ ಕನ್ನಡ ಓದಿದ್ದಳು.

"ನಮಸ್ಕಾರ್ರಿ. ಆರಾಮ ಅದೀರೇನ್ರಿ!"

ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಮೆಲ್ಲಗೆ ಎಳೆದು ಏರಿಸಬೇಕಾದ ಕೊನೆ ಧಡ್ಡನೆ ಬಿತ್ತು, ದನಿ ಓಣಿಗೆಲ್ಲ ಕೇಳಿತು. ಮಾತು ಅಷ್ಟು ಶುದ್ಧವಾಗಿದ್ದರಿಂದಲೇ, ಆ ಗಡಸೂ ಬೇಕೆಂದೇ ಮಾಡಿದ್ದು ಎಂದುಕೊಂಡಳು ಬಾಳವ್ವ.

"ಯಾರಬೇ ಈಕಿ, ಫೌಜದಾರನ ಹೇಂತಿ ಏನು?" ಎಂದು ಅವಳು ನಮ್ಮತ್ತ ತಿರುಗಿ ಗೊಣಗಿದಳು.

ನನ್ನ ಜೊತೆ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಯೂಲಿಯಾಳ ದನಿಯನ್ನು ಅಣಕಿಸಿ ನಕ್ಕರು. ಮೆಚ್ಚಿ ನಗುತ್ತಿದ್ದಾರೆಂದು ಅವಳೂ ನಕ್ಕಳು.

ಜೊತೆಗೆ ಬಂದಿದ್ದ ಅವಳ ತಮ್ಮನಿಗೆ ಕನ್ನಡವೇ ಬಾರದು. ಅವನು ತಲೆ ತಗ್ಗಿಸಿ, "ಅವ್ವಾ... ನಮಸ್ಕಾರಾ..." ಎಂದು ಮೆಲ್ಲಗೆ ತೊದಲಿ, ಬಾಳವ್ವನ ಮುಖ ನೋಡುತ್ತ ಕಾದ.

"ಬಾರಪಾ, ಒಳಗ ಬಾ, ಕುಂದ್ರು," ಎಂದು ಅವನಿಗೆ ಮಜ್ಜಿಗೆ ಕೊಟ್ಟು ಮಗ್ಗದ ಮುಂದೆ ಕೂಡಿಸಿದಳು. ಯೂಲಿಯಾ ಹೊಸ್ತಿಲಿಗೆ ಕಾಲಿಟ್ಟಾಗ, "ನೀ ಹೊರಗ ನಿಂದ್ರು. ನಿನ್ನಂಥಾಕಿಗೆ ನಾ ಕಲಸಂಗಿಲ್ಲ," ಎಂದಳು.

ಆ ಮಾತು ಯೂಲಿಯಾಳಿಗೆ ಪೂರ್ತಿ ಅರ್ಥವಾಯಿತು. ಕಾರಣ ತಿಳಿಯಲಿಲ್ಲ. ಕಟ್ಟೆಯ ಮುಂದೆ ನಿಂತು ಅತ್ತಳು. ಬಾಳವ್ವ ಮಗ್ಗದ ಸದ್ದು ಜೋರು ಮಾಡಿದಳು.

ನಾಳೆ ಬೆಳಿಗ್ಗೆ ನಾನು ಯೂಲಿಯಾ ಇಳಿದುಕೊಂಡಿರುವ ಲಾಡ್ಜಿಗೆ ಹೋಗಿ ಅವಳಿಗೆ ಕಾರಣ ಹೇಳುತ್ತೇನೆ.