ಶೀನಣ್ಣನ ಗ್ರೇಡ್ ಒನ್

ನಮ್ಮಣ್ಣ ಶೀನಣ್ಣ ಇಡೀ ಜನ್ಮದಲ್ಲಿ ಲೆದರ್ ಬಾಲಿಗೆ ಒಂದೇ ಒಂದು ಸಲವೂ ಬ್ಯಾಟ್ ಎತ್ತಿದವನಲ್ಲ. ಆದರೂ ಬಸವನಗುಡಿಯಲ್ಲಿ ಅವನನ್ನು ಕೇಳದೆ ಯಾರೂ ಬ್ಯಾಟ್ ಕೊಳ್ಳಬಾರದು ಎಂದು ಅವನೇ ಹೇಳಿಕೊಂಡು ಓಡಾಡುತ್ತಾನೆ. ಮೈದಾನದ ನೆಟ್‌ಗಳ ಹಿಂದೆ ಕೈಕಟ್ಟಿ ನಿಂತು ನಿಂತೇ ಅವನಿಗೆ ಈ ಪಾಂಡಿತ್ಯ ಬಂದದ್ದು. ವಿಮಾ ಕಚೇರಿಯಲ್ಲಿ ಮೂರು ದಶಕ ಕುರ್ಚಿ ಬಿಸಿ ಮಾಡಿ ನಿವೃತ್ತನಾದ ಮೇಲಂತೂ ಅವನ ಬಾಯಿಗೆ ರಜೆಯೇ ಇಲ್ಲ. ಅಪ್ಪ ತೀರಿಕೊಂಡಾಗಿನಿಂದ ಮನೆಯ ಯಾವ ವಿಷಯಕ್ಕೂ ಅವನ ಮಾತೇ ಕೊನೆ. ಮಿಕ್ಸಿ ಯಾವುದು, ಡಾಕ್ಟರ್ ಯಾರು, ಮದುವೆಗೆ ಅಡಿಗೆಯವರು ಯಾರು, ಎಲ್ಲ ಅವನೇ ಹೇಳಬೇಕು. ತಪ್ಪಾದರೆ ಮಾತ್ರ ತಪ್ಪು ನಮ್ಮದು.

ಅಕ್ಕ ಶ್ರೀವಿದ್ಯಾಳ ಮಗಳು ಶರಣ್ಯ ಕ್ರಿಕೆಟ್ ಚೆನ್ನಾಗಿ ಆಡುತ್ತಾಳೆ. ಹತ್ತನೇ ಕ್ಲಾಸಿನ ಹುಡುಗಿ, ಎತ್ತರ ಇದ್ದಾಳೆ, ಮಣಿಕಟ್ಟು ಮಾತ್ರ ಸಣಕಲು. ಅಲ್ಲಿಯವರೆಗೆ ಅಕಾಡೆಮಿಯ ಕಿಟ್ಟಿನಲ್ಲಿ ಯಾವುದು ಸಿಕ್ಕಿತೋ ಅದರಲ್ಲೇ ಆಡಿದ್ದಳು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ವಲಯ ತಂಡದ ಆಯ್ಕೆ ಎಂದು ಗೊತ್ತಾದಾಗ, ಸ್ವಂತದ್ದೊಂದು ಇಂಗ್ಲಿಷ್ ವಿಲೋ ಮರದ ಬ್ಯಾಟ್ ಕೊಡಿಸೋಣ ಎಂದಳು ಅಕ್ಕ. ಹೊಸ ಬ್ಯಾಟನ್ನು ಪಳಗಿಸಲು ವಾರಗಟ್ಟಲೆ ಬೇಕು, ಆದ್ದರಿಂದ ನವರಾತ್ರಿಯಲ್ಲೇ ತರಬೇಕು. ಆ ಸುದ್ದಿ ಶೀನಣ್ಣನ ಕಿವಿಗೆ ಬಿತ್ತು. ಮುಂದಿನ ಭಾನುವಾರ ಚಾಮರಾಜಪೇಟೆಯ ಅಂಗಡಿಗೆ ನಾವು ಮೂವರು ಹೆಂಗಸರು, ಮುಂದೆ ಶೀನಣ್ಣ.

ಅಂಗಡಿಯ ಮಹಾನಂದ ಗಿರಾಕಿಯ ಬಾಯಿ ನೋಡಿ ಮಾಲು ತೆಗೆಯುವ ಆಸಾಮಿ. ಶೀನಣ್ಣ ಒಳಗೆ ಕಾಲಿಟ್ಟದ್ದೇ, "ಗ್ರೇಡ್ ಒನ್ ತೆಗೀರಿ. ಬೇರೆ ತೋರಿಸ್ಲೇಬೇಡಿ" ಎಂದ. ಮಹಾನಂದನ ಮುಖ ಅರಳಿತು. ಬ್ಯಾಟ್ ಬಂತು. ಬೆಳ್ಳಗಿನ ಮರ, ಎಲ್ಲೂ ಒಂದು ಚುಕ್ಕೆಯಿಲ್ಲ, ಮುಖದ ಮೇಲೆ ನೇರ ಗೆರೆಗಳು. ಶೀನಣ್ಣ ಕನ್ನಡಕ ಏರಿಸಿ ಆ ಗೆರೆಗಳನ್ನು ಉಗುರಿನಿಂದ ಎಣಿಸತೊಡಗಿದ.

"ಹನ್ನೊಂದು! ನೋಡಿದ್ಯಾ ಪ್ರಿಯಂವದಾ? ಗೆರೆ ಜಾಸ್ತಿ ಇದ್ದಷ್ಟೂ ಬಾಲು ತಾನಾಗೇ ಓಡತ್ತೆ."

ಗೆರೆ ಹೆಚ್ಚಿದ್ದರೆ ಬ್ಯಾಟು ಬೇಗ ಪಳಗುತ್ತದೆ, ಆದರೆ ಅಷ್ಟೇ ಬೇಗ ಸವೆಯಲೂ ಬಹುದು ಎಂದು ಶರಣ್ಯ ನನ್ನ ಕಿವಿಯಲ್ಲಿ ಹೇಳಿದಳು. ಗ್ರೇಡ್ ಎಂಬುದು ಬಹುಪಾಲು ಮರದ ಅಂದಕ್ಕೆ ಕೊಡುವ ಮಾರ್ಕು ಎಂದೂ ಹೇಳಿದಳು. ಅದನ್ನು ಮಾವನ ಕಿವಿಯಲ್ಲಿ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ? ಅವಳು ಆ ಬ್ಯಾಟನ್ನು ಎಡಗೈಯೊಂದರಲ್ಲೇ ಹಿಡಿದು ಮುಂದಕ್ಕೆ ಎತ್ತಿದಳು. ತುದಿ ಕೆಳಕ್ಕೆ ಜಗ್ಗಿತು, ಕೈ ನಡುಗಿತು. ಆಮೇಲೆ ಗೋಡೆಗೆ ಒರಗಿಸಿದ್ದ ಇನ್ನೊಂದನ್ನು ಎತ್ತಿದಳು. ಅದೇ ಕಂಪನಿ, ಅದೇ ಅಳತೆ, ಅದೇ ಸ್ಟಿಕ್ಕರು. ಗ್ರೇಡ್ ಮಾತ್ರ ಮೂರು, ಏಕೆಂದರೆ ಮುಖದ ಕೆಳಭಾಗದಲ್ಲಿ ಒಂದು ಅಂಚಿಗೆ ಹತ್ತಿರ ಕೆಂಪು ಕಲೆಯೊಂದಿತ್ತು. ಅದು ಅವಳ ಕೈಯಲ್ಲಿ ಸಲೀಸಾಗಿ ಮೇಲೆ ಬಂತು. ಅದನ್ನು ಹಿಡಿದಾಗ ಅವಳ ಮುಖ ನೋಡಬೇಕಿತ್ತು.

"ಮಾವ, ಇದರ ಪಿಕಪ್ ಚೆನ್ನಾಗಿದೆ. ಎತ್ತಿದ್ರೆ ಕೈಗೆ ಹಗುರ ಅನ್ಸತ್ತೆ."

ಶೀನಣ್ಣ ಎರಡನ್ನೂ ತಕ್ಕಡಿಯಲ್ಲಿ ಇಡಿಸಿದ. ವ್ಯತ್ಯಾಸ ಇಪ್ಪತ್ತು ಗ್ರಾಮೂ ಇರಲಿಲ್ಲ.

"ತೂಕ ಎರಡೂ ಒಂದೇ! ಪಿಕಪ್ ಅಂತೆ, ಪಿಕಪ್! ಕಲೆ ಬಿದ್ದಿರೋ ಮರ ನಮ್ಮನೆಗೆ ಬೇಡ."

ತೂಕ ಎಷ್ಟು ಎಂದು ತಕ್ಕಡಿ ಹೇಳುತ್ತದೆ, ಆ ತೂಕ ಎಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ಗ್ರೇಡ್ ಒನ್‌ನ ಭಾರವೆಲ್ಲ ತಳದಲ್ಲಿತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದು ಕಣ್ಣಿಗೆ ರಾಚುತ್ತಿತ್ತು. ಆದರೆ ಅಕ್ಕ ಆಗಲೇ ಪರ್ಸ್ ತೆಗೆದಿದ್ದಳು. ಬಿಲ್ ಹಾಕುತ್ತ ಮಹಾನಂದ ತನ್ನ ಎಂದಿನ ಷರತ್ತು ಒದರಿದ. "ಬದಲಾಯಿಸೋದಿದ್ರೆ ಪ್ಲಾಸ್ಟಿಕ್ ಸಮೇತ ತನ್ನಿ. ಒಂದು ತೊಟ್ಟು ಎಣ್ಣೆ ಬಿದ್ರೂ, ಒಂದು ಬಾಲ್ ಗುರುತಾದ್ರೂ ವಾಪಸ್ ಇಲ್ಲ."

ಆಯುಧಪೂಜೆಯ ದಿನ ತಾನೇ ಬಂದು ಬ್ಯಾಟಿಗೆ ಪೂಜೆ ಮಾಡಿ ಎಣ್ಣೆ ಹಚ್ಚುವುದಾಗಿ ಶೀನಣ್ಣ ಘೋಷಿಸಿದ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಅಕ್ಕ, ಶರಣ್ಯ, ನಾನು ಇರುವ ಹನುಮಂತನಗರದ ಮನೆಯಲ್ಲಿ ಆ ಗ್ರೇಡ್ ಒನ್ ಪ್ಲಾಸ್ಟಿಕ್ ಹೊದ್ದು ಬೀರುವಿನ ಪಕ್ಕ ನಿಂತಿತು. ಶರಣ್ಯ ದಿನಾ ಅದರ ಮುಂದೆ ಕೂರುತ್ತಿದ್ದಳು.

"ಚಿಕ್ಕಮ್ಮ, ಅದರಲ್ಲಿ ನನಗೆ ಪುಲ್ ಹೊಡೆಯೋಕೇ ಆಗಲ್ಲ. ಬ್ಯಾಟ್ ಬರೋ ಹೊತ್ತಿಗೆ ಬಾಲ್ ಹೋಗಿರತ್ತೆ. ಈ ಸಲ ಸೆಲೆಕ್ಷನ್ ಹೋದ್ರೆ ಮುಂದಿನ ವರ್ಷ ನನ್ನ ವಯಸ್ಸು ದಾಟತ್ತೆ."

ನನಗೆ ಮೈ ಉರಿದುಹೋಯಿತು. ಒಬ್ಬ ಬಡಾಯಿಕೋರನ ಮಾತು ಉಳಿಸಲು ಹುಡುಗಿ ತನ್ನ ಆಟ ಕಳೆದುಕೊಳ್ಳಬೇಕೆ? ಆಯುಧಪೂಜೆಯ ಹಿಂದಿನ ದಿನ ಆಟೋ ಹಿಡಿದು ಅವಳನ್ನು ಚಾಮರಾಜಪೇಟೆಗೆ ಕರೆದೊಯ್ದೆ. ಮಹಾನಂದ ಮುಖ ಹುಳ್ಳಗೆ ಮಾಡಿಕೊಂಡು ಪ್ಲಾಸ್ಟಿಕ್ ಬಿಚ್ಚಿ, ಬೆಳಕಿಗೆ ಹಿಡಿದು, ವಾಸನೆ ಕೂಡ ನೋಡಿದ. ಕೊನೆಗೆ ಕಲೆಯ ಬ್ಯಾಟು ಕೊಟ್ಟ. ಮಿಕ್ಕ ದುಡ್ಡಿಗೆ ಒಂದು ಮರದ ಸುತ್ತಿಗೆಯೂ ಗ್ಲೌಸೂ ಬಂದವು.

ಇನ್ನು ಉಳಿದದ್ದು ಒಂದೇ. ಎಣ್ಣೆ ಬೀಳುವ ತನಕ ಶೀನಣ್ಣನಿಗೆ ಗೊತ್ತಾಗಬಾರದು. ಗೊತ್ತಾದರೆ ಆ ಕ್ಷಣವೇ ಅಂಗಡಿಗೆ ಎಳೆದುಕೊಂಡು ಹೋಗುತ್ತಾನೆ. ಎಣ್ಣೆ ಬಿದ್ದ ಮೇಲೆ ಅವನಪ್ಪ ಬಂದರೂ ಬದಲಾಯಿಸುವಂತಿಲ್ಲ. ಅವನಪ್ಪ ನನ್ನಪ್ಪನೂ ಹೌದು, ಕ್ಷಮಿಸಲಿ.

ಮರುದಿನ ಬೆಳಿಗ್ಗೆ ಪೂಜೆಗೆ ಇಟ್ಟಾಗ ಅರಿಸಿನ ಕುಂಕುಮ ಇಡುವ ಕೆಲಸ ನಾನೇ ತೆಗೆದುಕೊಂಡೆ. ಕೆಂಪು ಕಲೆಯ ಮೇಲೆಯೇ ಕುಂಕುಮವನ್ನು ಧಾರಾಳವಾಗಿ ಉದುರಿಸಿದೆ. ಶೀನಣ್ಣ ಪಂಚೆಯುಟ್ಟು ಬಂದ. ಜೊತೆಗೆ ಕಾಫಿಗೆಂದು ಕರೆತಂದ ಇಬ್ಬರು ಸ್ನೇಹಿತರು ಬೇರೆ. ಅವರ ಮುಂದೆ ಬ್ಯಾಟ್ ಎತ್ತಿ ಹಿಡಿದ.

"ನೋಡಿ ಸ್ವಾಮಿ, ಗ್ರೇಡ್ ಒನ್. ಕೈಯಲ್ಲಿ ಹಿಡಿದ್ರೇ ಗೊತ್ತಾಗತ್ತೆ. ನಾನೇ ಆರಿಸಿದ್ದು."

ಶರಣ್ಯ ನೆಲ ನೋಡುತ್ತಿದ್ದಳು. ನಾನು ನಗು ತಡೆಯಲು ಆರತಿ ತಟ್ಟೆ ಹಿಡಿದು ಅತ್ತ ತಿರುಗಿದೆ. ಗೆರೆ ಎಣಿಸುವ ಮಹಾಶಯನಿಗೆ ಹನ್ನೊಂದಿದ್ದದ್ದು ಏಳಾಗಿರುವುದು ಕಾಣಲಿಲ್ಲ!

ಬೆಳ್ಳಿ ಬಟ್ಟಲಿನಲ್ಲಿ ಶರಣ್ಯ ಒಂದು ಚಮಚದಷ್ಟೇ ಅಗಸೆ ಎಣ್ಣೆ ಹಾಕಿಟ್ಟು ಬಾಟಲಿ ಬಚ್ಚಿಟ್ಟಿದ್ದಳು. ಎಣ್ಣೆ ಅತಿಯಾದರೆ ಮರ ಕುಡಿದು ಭಾರವಾಗುತ್ತದೆ, ಪುಟಿಯುವ ಗುಣ ಸತ್ತುಹೋಗುತ್ತದೆ. "ಇಷ್ಟೇನಾ? ಮಗುಗೆ ಎಣ್ಣೆಸ್ನಾನ ಮಾಡಿಸ್ದಂಗೆ ಮಾಡ್ಬೇಕು" ಎಂದು ಶೀನಣ್ಣ ಗೊಣಗಿದ. ಇಷ್ಟೇ ಇರುವುದು ಎಂದೆವು. ಅವನು ಅದನ್ನೇ ಮುಖದ ಮೇಲೆ, ಅಂಚುಗಳಿಗೆ, ತಳಕ್ಕೆ ಬಟ್ಟೆಯಿಂದ ಸವರಿದ. ಹಿಡಿ ಬ್ಯಾಟಿಗೆ ಸೇರುವ ಜಾಗಕ್ಕೆ ಎಣ್ಣೆ ಹೋದರೆ ಅಲ್ಲಿನ ಅಂಟು ಸಡಿಲವಾಗುತ್ತದೆ. ಆದ್ದರಿಂದ ಅಲ್ಲಿಗೆ ಅವನ ಕೈ ಹೋಗದಂತೆ ಶರಣ್ಯ ಭಕ್ತಿಯಿಂದ ಹಿಡಿ ಹಿಡಿದುಕೊಂಡೇ ಕೂತಿದ್ದಳು. ಕುಂಕುಮ ಒರೆಸಿಹೋಯಿತು. ಕಲೆ ಹೋಗಲಿಲ್ಲ. ಎಣ್ಣೆ ಕುಡಿದು ಇನ್ನೂ ಕೆಂಪಾಯಿತು.

ಅವನು ತಿಕ್ಕಿದ. ಮತ್ತೆ ತಿಕ್ಕಿದ. ಪಂಚೆಯ ಅಂಚಿನಿಂದ ತಿಕ್ಕಿದ.

"ಪ್ರಿಯಂವದಾ! ಏನ್ ಮಾಡಿದೀಯ ನೋಡು! ಕುಂಕುಮ ಮರಕ್ಕೆ ಇಳಿದ್ಬಿಟ್ಟಿದೆ! ಗ್ರೇಡ್ ಒನ್ ಬ್ಯಾಟಿಗೆ ಯಾರಾದ್ರೂ ಇಷ್ಟು ಕುಂಕುಮ ಮೆತ್ತುತಾರಾ? ಬುದ್ಧಿ ಬೇಡ್ವಾ?"

ಆ ಸ್ನೇಹಿತರಿಬ್ಬರೂ ಪಾಪ ಎಂಬಂತೆ ನನ್ನ ಕಡೆ ನೋಡಿದರು. "ತಪ್ಪಾಯ್ತು ಅಣ್ಣ" ಎಂದೆ. ನಾಲಿಗೆ ಕಹಿಯಾಯಿತು. ಬ್ಯಾಟನ್ನು ಶರಣ್ಯ ಒಳಗೆ ಕೊಂಡೊಯ್ದು ಮುಖ ಮೇಲಾಗಿ ಮಂಚದ ಕೆಳಗೆ ಮಲಗಿಸಿದಳು.

ನಾಕಿಂಗ್, ಅಂದರೆ ಹೊಸ ಬ್ಯಾಟನ್ನು ಸುತ್ತಿಗೆಯಿಂದ ತಟ್ಟಿ ಪಳಗಿಸುವುದನ್ನು ಕೂಡ ತಾನೇ ಮಾಡುವುದಾಗಿ ಶೀನಣ್ಣ ಹೇಳಿದ್ದ. ಒಂದು ದಿನ ಬಂದ. ತಾರಸಿಯಲ್ಲಿ ಫೋನಿನಲ್ಲಿ ಮಾತಾಡುತ್ತ, ಸುತ್ತಿಗೆ ಎತ್ತಿ ಅಂಚಿನ ಮೇಲೆ ನೆಟ್ಟಗೆ ಮೊಳೆ ಹೊಡೆದಂತೆ ಒಂದು ಬಿಟ್ಟ. ತಗ್ಗು ಬಿತ್ತು. ಶರಣ್ಯ ಸುತ್ತಿಗೆ ಕಿತ್ತುಕೊಂಡಳು. "ಮಾವ, ನಿಮಗೆ ಭುಜ ನೋಯತ್ತೆ, ಕೂತ್ಕೊಳ್ಳಿ" ಎಂದಳು. ಅವನು ಕೂತ, ಕಾಫಿ ಕುಡಿದ, ಹೋದ. ಅವನ ನಾಕಿಂಗ್ ಅಲ್ಲಿಗೆ ಮುಗಿಯಿತು.

ಮಿಕ್ಕದ್ದೆಲ್ಲ ಹುಡುಗಿಯೇ ಮಾಡಿದಳು. ಮೊದಲು ಬಾಗಿಲು ತಟ್ಟಿದಷ್ಟು ಮೆಲ್ಲಗೆ, ಬಾಲು ಬೀಳುವ ಜಾಗದಲ್ಲೆಲ್ಲ. ಮರ ಗಟ್ಟಿಯಾದಂತೆ ಏಟು ಜೋರು. ಅಂಚುಗಳಿಗೆ ನೇರವಾಗಿ ಅಲ್ಲ, ಓರೆಯಾಗಿ ಜಾರಿಸಿ, ಚೂಪು ಹೋಗಿ ದುಂಡಗಾಗುವ ತನಕ. ತಳದ ಹತ್ತಿರ ಇನ್ನೂ ನಿಧಾನ. ಸ್ಕೂಲಿಗೆ ಮುಂಚೆ ಒಂದಿಷ್ಟು, ಸಂಜೆ ಒಂದಿಷ್ಟು, ವಾರಗಳ ತನಕ ಟೊಕ್ ಟೊಕ್ ಟೊಕ್. ಕೆಳಮನೆಯ ಭಾಗೀರಥಮ್ಮನವರು ಮೆಟ್ಟಿಲಲ್ಲಿ ನಿಂತು, "ಏನ್ರೀ, ಮನೆ ಒಡೀತಿದೀರಾ?" ಎಂದು ಕೂಗಿದರು. ಆಮೇಲೆ ಹಳೆಯ ಸವೆದ ಬಾಲುಗಳನ್ನು ನಾನು ಎಸೆದೆ, ಅವಳು ತಟ್ಟಿದಳು. ಬಾಲಿನ ಹೊಲಿಗೆಯ ಗುರುತು ಆಳವಾಗಿ ಬಿದ್ದರೆ ಮತ್ತೆ ಸುತ್ತಿಗೆ. ಗುರುತು ಬೀಳುವುದು ನಿಂತ ಮೇಲೆಯೇ ನೆಟ್‌ಗೆ ಒಯ್ದಳು.

ಆಯ್ಕೆಯ ಪಂದ್ಯದಲ್ಲಿ ಶೀನಣ್ಣ ಬೌಂಡರಿ ಗೆರೆಯ ಆಚೆ ನಿಂತು ಸಿಕ್ಕಸಿಕ್ಕವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದ. ಹೊಸ ಬಾಲಿನ ಯಾರ್ಕರೊಂದು ನೇರ ಬ್ಯಾಟಿನ ತಳಕ್ಕೆ ಬಿತ್ತು. ನಾನು ಕಣ್ಣು ಮುಚ್ಚಿದೆ. ಬ್ಯಾಟು ಬಿರಿಯಲಿಲ್ಲ. ಮುಂದಿನ ಶಾರ್ಟ್ ಬಾಲನ್ನು ಶರಣ್ಯ ಪುಲ್ ಮಾಡಿದಳು. ಬಾಲು ಬೇಲಿಗೆ ಬಡಿದು ವಾಪಸ್ ಬಂತು. ಅಂಥವು ಇನ್ನೂ ಬಂದವು. ಸಂಜೆ ಪಟ್ಟಿ ಓದಿದಾಗ ಅವಳ ಹೆಸರಿತ್ತು. ಅಕ್ಕ ಅತ್ತಳು, ನಾನೂ ಅತ್ತೆ.

ಶೀನಣ್ಣ ಅಳಲಿಲ್ಲ, ಅವನಿಗೆ ಮಾತು ಮುಗಿಯಬೇಕಲ್ಲ. ಅಭಿನಂದಿಸಲು ಬಂದವರ ಮುಂದೆ ಬ್ಯಾಟ್ ತಿರುಗಿಸಿ ತೋರಿಸಿದ.

"ಗ್ರೇಡ್ ಒನ್, ನನ್ನ ಸೆಲೆಕ್ಷನ್ನು. ಈ ಕಲೆ ಇದೆಯಲ್ಲ, ನಮ್ಮ ತಂಗಿ ದಡ್ಡತನ. ಕುಂಕುಮ ಮೆತ್ತಿ ಹಾಳು ಮಾಡಿದ್ಲು."

ನಾನು ತಲೆ ತಗ್ಗಿಸಿದೆ. ಅಭ್ಯಾಸವಾಗಿತ್ತು. ಶರಣ್ಯ ಪ್ಯಾಡ್ ಬಿಚ್ಚುತ್ತಿದ್ದವಳು ಎದ್ದು ನಿಂತಳು.

"ಅದು ಕುಂಕುಮ ಅಲ್ಲ ಮಾವ, ಮರದ್ದೇ ಕಲೆ. ನಿಮ್ಮ ಗ್ರೇಡ್ ಒನ್ ನಾನು ಎತ್ತೋಕಾಗ್ದೆ ವಾಪಸ್ ಕೊಟ್ಬಿಟ್ಟೆ. ಇದು ನಾನು ಆರಿಸಿದ್ದು. ಗ್ರೇಡ್ ಮೂರು."

ಶೀನಣ್ಣ ಬ್ಯಾಟನ್ನು ಒಂದು ಕೈಯಲ್ಲಿ ಎತ್ತಿ ನೋಡಿದ. ಅದು ಸಲೀಸಾಗಿ ಎದ್ದಿತು. ಅವನ ಮುಖದಲ್ಲಿ ಏನೋ ಒಂದು ಹಾದುಹೋಯಿತು, ನಿಲ್ಲಲಿಲ್ಲ.

"ಹಗುರ ಆಗಿದೆ, ನಿಜ. ನಾಕಿಂಗ್ ಮಾಡಿದ್ರೆ ತೂಕ ಇಳಿಯತ್ತೆ ಕಣೇ. ಮಕ್ಕಳಿಗೆ ಇದೆಲ್ಲ ಏನ್ ಗೊತ್ತಾಗತ್ತೆ?"

ಶರಣ್ಯ ಅವನ ಕೈಯಿಂದ ಬ್ಯಾಟ್ ತೆಗೆದುಕೊಂಡು ಕವರಿಗೆ ಹಾಕಿ ಜಿಪ್ ಎಳೆದಳು.

"ಇನ್ನೊಂದ್ ಸಲ ಬ್ಯಾಟ್ ತಗೊಳೋವಾಗ ನೀವು ಬರ್ಬೇಡಿ ಮಾವ. ಚಿಕ್ಕಮ್ಮ ಬರ್ತಾರೆ. ಅವರಿಗೆ ಬ್ಯಾಟಿನ ಬಗ್ಗೆ ಏನೂ ಗೊತ್ತಿಲ್ಲ."