ಸೀತಾರಾಮಪ್ಪನವರು ಹಿಂದಿನ ಸಾಲಿನಲ್ಲಿ ನಕ್ಕದ್ದು

ಮನೆಗೇ ಬಂದು, ಪತ್ರಿಕೆ ಕೈಗೆ ಕೊಟ್ಟು ಕರೆಯದ ಕಾರ್ಯಕ್ಕೆ ಸೀತಾರಾಮಪ್ಪನವರು ಜೀವಮಾನದಲ್ಲಿ ಕಾಲಿಟ್ಟವರಲ್ಲ. ಸೊಸೈಟಿಯ ಮಾಜಿ ಉಪಾಧ್ಯಕ್ಷರೆಂದರೆ ಸುಮ್ಮನೆಯೇ? ಸ್ವಂತ ಅಕ್ಕ ಹೂವಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ವಾಟ್ಸಾಪಿನಲ್ಲಿ ಕರೆದಾಗ ಮನೆಯಲ್ಲೇ ಕೂತು, ಆಕೆಯ ಪಾಯಸವನ್ನು ತಾತ್ವಿಕವಾಗಿ ವಿರೋಧಿಸಿದರು.

ಪೇಚಿಗೆ ಬಂದದ್ದು ಆಮೇಲೆ. ಮಗಳು ವಿನಯಾಳ ಹೊಸ ಬೀಗರು ಹೊಸನಗರದಿಂದ ಭಾನುವಾರ ಹೂವಮ್ಮನಲ್ಲಿಗೆ ಊಟಕ್ಕೆ ಬರುವವರಿದ್ದರು. ಅಲ್ಲಿನ ಗೋಡೆಯ ಮೇಲಿನ ಗೃಹಪ್ರವೇಶದ ಗ್ರೂಪ್ ಫೋಟೊದಲ್ಲಿ ತಮ್ಮನೇ ಇಲ್ಲವೆಂದರೆ, ಮನೆತನದಲ್ಲಿ ಜಗಳವಿದೆಯೆಂದು ತಿಳಿಯುವುದಿಲ್ಲವೇ? ಮರ್ಯಾದೆಯ ಪ್ರಶ್ನೆ. ಅಕ್ಕನನ್ನು ಕರೆದುಕೊಂಡು, ಆ ಫೋಟೊ ತೆಗೆದ ಪೂರ್ಣೇಶನ ತೀರ್ಥಹಳ್ಳಿಯ ಸ್ಟುಡಿಯೊಗೇ ಹೋದರು. ಸೊಸೈಟಿಯವರು ಹಾರ ಹಾಕಿದಾಗ ತೆಗೆಸಿದ ಚಿತ್ರವನ್ನು ಮುಂದಿಟ್ಟರು.

"ಇದನ್ನ ಕತ್ತರಿಸಿ, ನಡುವಿನ ಕುರ್ಚೀಲಿ ಕೂರ್ಸು."

"ಆಗಲ್ಲ ಗೌಡ್ರೇ. ಅಲ್ಲಿ ಬಿಸ್ಲು ಎಡಗಡೆಯಿಂದ ಬಿದ್ದಿದೆ, ಇದ್ರಲ್ಲಿ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದಿದೆ. ಸೇರಿಸಿದ್ರೆ ಕ್ಯಾಲೆಂಡರ್ ದೇವ್ರ ಹಾಗೆ ಕಾಣ್ತೀರಿ."

ಅದರಲ್ಲಿ ತಪ್ಪೇನೆಂದು ಸೀತಾರಾಮಪ್ಪನವರಿಗೆ ಹೊಳೆಯಲಿಲ್ಲ.

"ಹಿಂದಿನ ಸಾಲಲ್ಲಿ, ನಿಮ್ಮ ಭಾವ ಮುಕುಂದಯ್ಯನವ್ರ ಪಕ್ಕ ನಿಲ್ಲಿಸ್ತೀನಿ. ಕಾಲು, ನೆಲದ ನೆರಳು ಎಂತದೂ ಬೇಕಾಗಲ್ಲ. ಮುಂದಿನವ್ರ ಹೆಗಲು ನಿಮ್ಮ ಎದೆಗೆ ಅಡ್ಡ ಬಂದ್ರೆ ಕಣ್ಣು ನಂಬ್ತದೆ."

"ಹಿಂದಿನ ಸಾಲಾ? ನಾನಾ?"

"ಸಾಲಲ್ಲಿ ಇಲ್ದೇ ಇರೋದಕ್ಕಿಂತ ವಾಸಿ ಕಣೋ," ಎಂದಳು ಅಕ್ಕ.

ಸ್ಟುಡಿಯೊದ ಹಿತ್ತಿಲಲ್ಲಿ ಬಿಸಿಲು ಎಡಗೆನ್ನೆಗೆ ಬೀಳುವಂತೆ ಅವರನ್ನು ನಿಲ್ಲಿಸಿ, ಪೂರ್ಣೇಶ ಅವತ್ತಿನಷ್ಟೇ ಎತ್ತರಕ್ಕೆ, ಅಷ್ಟೇ ದೂರಕ್ಕೆ ಕ್ಯಾಮೆರಾ ಇಟ್ಟ.

"ಈಗ ನಗಿ. ಅದ್ರಲ್ಲಿ ಎಲ್ರೂ ಬಾಯಿಬಿಟ್ಟು ನಗ್ತಿದಾರೆ."

ಸೀತಾರಾಮಪ್ಪನವರು ವಾರ್ಷಿಕ ಮಹಾಸಭೆಗೆ ಸಾಲುವಷ್ಟು ತುಟಿ ಎಳೆದರು.

"ಇದು ಸಾಲಲ್ಲ ಗೌಡ್ರೇ."

"ಅಷ್ಟು ನಗೋಕೆ ಅವತ್ತು ಎಂತ ಆಗಿತ್ತು?"

ಪೂರ್ಣೇಶ ಇದ್ದಕ್ಕಿದ್ದಂತೆ ಲೆನ್ಸ್ ಒರೆಸತೊಡಗಿದ. ಅಕ್ಕನಿಗೆ ಅಂಥ ದಾಕ್ಷಿಣ್ಯವಿಲ್ಲ. "ನಿನ್ನ ಭಾವ ಅಂದ್ರು, 'ಸೀತಾರಾಮ ಬರ್ದೇ ಇದ್ದಿದ್ದು ಒಳ್ಳೇದಾಯ್ತು, ಫೋಟೊದಲ್ಲಿ ಅವನೊಬ್ನ ಬದ್ಲು ಮೂರು ಜನಕ್ಕೆ ಜಾಗ ಆಯ್ತು' ಅಂತ."

ಸೀತಾರಾಮಪ್ಪನವರು ಶಲ್ಯ ಕೊಡವಿ ಹೊರಟೇಬಿಟ್ಟರು.

"ಹೋಗು ಮಾರಾಯ. ವಾಟ್ಸಾಪಲ್ಲಿ ಕರೆದ್ರೆ ಅವನು ಬರಲ್ಲ ಅಂತ ಬೀಗರಿಗೆ ಹೇಳ್ತೀನಿ. ಅಂದ ಹಾಗೆ, ವಿನಯಾಳ ನಿಶ್ಚಿತಾರ್ಥಕ್ಕೆ ನನ್ನ ಎಂತದ್ರಲ್ಲಿ ಕರೆದಿದ್ದೆ ನೀನು?"

ಸೀತಾರಾಮಪ್ಪನವರ ಹೆಜ್ಜೆ ನಿಂತಿತು. ಅದೂ ವಾಟ್ಸಾಪಿನಲ್ಲೇ. ಹೊಟ್ಟೆಯಿಂದ ಎದ್ದ ನಗು ಉಪಾಧ್ಯಕ್ಷಗಿರಿಯನ್ನು ಒದ್ದುಕೊಂಡು ಹೊರಗೆ ಬಂತು. "ಅಲ್ಲೇ ನಿಲ್ಲಿ!" ಎಂದು ಕೂಗಿ ಪೂರ್ಣೇಶ ಒತ್ತಿದ, ಮತ್ತೆ ಒತ್ತಿದ. ಕಂಪ್ಯೂಟರಿನಲ್ಲಿ ಕೂದಲ ಅಂಚು ಮೆದುಮಾಡಿ, ಪಕ್ಕದ ಭಾವನ ನೆರಳನ್ನು ಇವರ ಹೆಗಲಿಗೆ ಬೀಳಿಸಿ, ಎಲ್ಲರಷ್ಟೇ ಮಬ್ಬುಮಾಡಿದ ಮೇಲೆ ಅವರು ಅಲ್ಲೇ ಹುಟ್ಟಿದವರಂತೆ ಕಂಡರು.

ಭಾನುವಾರ ಬೀಗರು ಫೋಟೊದ ಮುಂದೆ ನಿಂತು, "ಎಲ್ರೂ ಎಷ್ಟು ನಗ್ತಿದೀರಿ! ಎಂತ ಜೋಕು?" ಎಂದರು.

ಮುಕುಂದಯ್ಯನವರಿಗೆ ಪಾಯಸ ನೆತ್ತಿಗೇರಿತು.

"ನಾನೊಬ್ನೇ ಮೂರು ಜನರ ಜಾಗ ಹಿಡಿದೀನಿ ಅಂದಿದ್ದೆ," ಎಂದು ಸೀತಾರಾಮಪ್ಪನವರು ಗಂಭೀರವಾಗಿ ಹೇಳಿ, ಪಾಯಸದ ಲೋಟವನ್ನು ಮತ್ತೆ ಅಕ್ಕನತ್ತ ಚಾಚಿದರು.